ಬೆಕ್ಕು ಕಲಿತದ್ದೇನು, ಪ್ರಶ್ನೆಪತ್ರಿಕೆ ಕೇಳಿದ್ದೇನು?

ಮೊದಲು ಈ ಪ್ರಶ್ನೆಯನ್ನು ಓದಿ, ನಿಮ್ಮ ಉತ್ತರವನ್ನು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳಿ.

‘ಹಾಲಿನವನ ಸೈಕಲ್ ಗಂಟೆ ಕೇಳಿದೊಡನೆ ಮನೆಯ ಬೆಕ್ಕು ಬಾಗಿಲಿಗೆ ಓಡಿಬರುತ್ತದೆ. ಇದು ಯಾವ ವಿಧದ ಕಲಿಕೆ? (ಅ) ಶಾಸ್ತ್ರೀಯ ಅನುಬಂಧನ (ಆ) ಕ್ರಿಯಾಜನ್ಯ ಅನುಬಂಧನ (ಇ) ಒಳನೋಟದ ಕಲಿಕೆ (ಈ) ಅನುಕರಣೆ.’

ನಿಮ್ಮಲ್ಲಿ ಹೆಚ್ಚಿನವರು (ಅ) ಎಂದಿರಬಹುದು. ಗಂಟೆ ಇದೆ, ಪ್ರಾಣಿ ಇದೆ, ಆಹಾರವೂ ಇದೆ. ಪಾವ್ಲೋವ್‌ನ ನಾಯಿಯ ಚಿತ್ರ ಕಣ್ಣ ಮುಂದೆ ಬರುವುದು ಸಹಜ. ಈ ಮಾದರಿಯ ಪ್ರಶ್ನೆಗಳಿಗೆ ಕೀ ಉತ್ತರವೂ ಸಾಮಾನ್ಯವಾಗಿ (ಅ) ಎಂದೇ ಇರುತ್ತದೆ. ಮನೋವಿಜ್ಞಾನದ ಪತ್ರಿಕೆಗಳಲ್ಲಿ, ಶಿಕ್ಷಕರ ತರಬೇತಿಯ ಪರೀಕ್ಷೆಗಳಲ್ಲಿ, ಅರ್ಹತಾ ಪರೀಕ್ಷೆಗಳಿಗೆ ತಯಾರು ಮಾಡುವ ಗೈಡುಗಳಲ್ಲಿ ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಬೆಕ್ಕಿನ ಬದಲು ಹಸು ಬರಬಹುದು, ಸೈಕಲ್ ಗಂಟೆಯ ಬದಲು ಡಬ್ಬದ ಮುಚ್ಚಳದ ಸದ್ದು ಬರಬಹುದು.

ಹಲವು ವರ್ಷಗಳ ಹಿಂದೆ ಮೌಲ್ಯಮಾಪನಕ್ಕೆ ಹೋಗಿದ್ದಾಗ ನನ್ನ ಕೈಗೂ ಇದೇ ಬಗೆಯ ಒಂದು ಪ್ರಶ್ನೆ ಬಂದಿತ್ತು. ಅದು ಎರಡು ಅಂಕಗಳ, ಕಾರಣ ಕೊಟ್ಟು ಉತ್ತರಿಸಬೇಕಾದ ಪ್ರಶ್ನೆ. ಒಬ್ಬ ಪರೀಕ್ಷಾರ್ಥಿ ಹೀಗೆ ಬರೆದಿದ್ದಳು: ‘ಬೆಕ್ಕಿನ ಬಾಯಲ್ಲಿ ನೀರೂರಿದರೆ ಅದು ಶಾಸ್ತ್ರೀಯ. ಓಡಿ ಬಂದದ್ದಕ್ಕೆ ಹಾಲು ಸಿಗುವುದಾದರೆ ಓಟ ಕ್ರಿಯಾಜನ್ಯ. ಪ್ರಶ್ನೆಯಲ್ಲಿ ಇದನ್ನು ಹೇಳಿಲ್ಲ.’ ಕೀ ಉತ್ತರದಲ್ಲಿ ‘ಶಾಸ್ತ್ರೀಯ ಅನುಬಂಧನ’ ಎಂದಷ್ಟೇ ಇತ್ತು. ನಾನು ಸೊನ್ನೆ ಹಾಕಿದೆ. ಆ ಸೊನ್ನೆ ಸರಿಯೇ ಎಂದು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಎರಡು ಕಲಿಕೆಗಳ ನಡುವಿನ ಗೆರೆ

ಶಾಸ್ತ್ರೀಯ ಅನುಬಂಧನದಲ್ಲಿ ಎರಡು ಪ್ರಚೋದನೆಗಳ ನಡುವೆ ಸಂಬಂಧ ಏರ್ಪಡುತ್ತದೆ. ರಷ್ಯಾದ ಶರೀರಕ್ರಿಯಾ ವಿಜ್ಞಾನಿ ಇವಾನ್ ಪಾವ್ಲೋವ್‌ನ ಪ್ರಯೋಗಗಳಲ್ಲಿ ಮೊದಲು ಒಂದು ಸದ್ದು, ಅದರ ಬೆನ್ನಿಗೆ ಆಹಾರ. ಹೀಗೆ ಹಲವು ಬಾರಿ ಆದ ಮೇಲೆ ಸದ್ದೊಂದೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಸಿತು. ಇಲ್ಲಿ ಮುಖ್ಯವಾದ ಒಂದು ಅಂಶವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ನಾಯಿ ಜೊಲ್ಲು ಸುರಿಸಿದರೂ ಆಹಾರ ಬರುತ್ತಿತ್ತು, ಸುರಿಸದಿದ್ದರೂ ಬರುತ್ತಿತ್ತು. ನಾಯಿಯ ವರ್ತನೆಗೂ ಆಹಾರ ಬರುವುದಕ್ಕೂ ಸಂಬಂಧವಿರಲಿಲ್ಲ. ಸಂಬಂಧವಿದ್ದದ್ದು ಸದ್ದಿಗೂ ಆಹಾರಕ್ಕೂ.

ಕ್ರಿಯಾಜನ್ಯ ಅನುಬಂಧನದಲ್ಲಿ ಸಂಬಂಧವಿರುವುದು ವರ್ತನೆಗೂ ಅದರ ಪರಿಣಾಮಕ್ಕೂ. ಅಮೆರಿಕದ ಬಿ. ಎಫ್. ಸ್ಕಿನ್ನರ್‌ನ ಪೆಟ್ಟಿಗೆಯಲ್ಲಿ ಇಲಿ ಸನ್ನೆಯನ್ನು ಒತ್ತಿದರೆ ಆಹಾರದ ಉಂಡೆ ಬೀಳುತ್ತದೆ, ಒತ್ತದಿದ್ದರೆ ಬೀಳುವುದಿಲ್ಲ. ಹೀಗಾಗಿ ಒತ್ತುವ ವರ್ತನೆ ಹೆಚ್ಚುತ್ತದೆ. ಇದೇ ಪುನರ್ಬಲನ. ಪರಿಣಾಮ ಅಹಿತವಾಗಿದ್ದು ವರ್ತನೆ ಕಡಿಮೆಯಾದರೆ ಅದು ಶಿಕ್ಷೆ.

ಹಾಗಾದರೆ ಎರಡನ್ನೂ ಬೇರ್ಪಡಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಪ್ರಾಣಿ ಆ ವರ್ತನೆಯನ್ನು ಮಾಡದೇ ಇದ್ದಿದ್ದರೆ ಮುಂದಿನ ಘಟನೆ ನಡೆಯುತ್ತಿತ್ತೇ? ನಡೆಯುತ್ತಿದ್ದರೆ ಅಲ್ಲಿರುವುದು ಪಾವ್ಲೋವ್‌ನ ಏರ್ಪಾಟು. ನಡೆಯುತ್ತಿರಲಿಲ್ಲವಾದರೆ ಸ್ಕಿನ್ನರ್‌ನ ಏರ್ಪಾಟು. ಗಂಟೆ ಇದೆಯೇ ಇಲ್ಲವೇ ಎಂಬುದರಿಂದ ಏನೂ ತೀರ್ಮಾನವಾಗದು.

ಬೆಕ್ಕಿನ ಲೆಕ್ಕ

ಈಗ ಬೆಕ್ಕಿಗೆ ಮರಳೋಣ. ಗಂಟೆ ಕೇಳಿದಾಗ ಬೆಕ್ಕಿನಲ್ಲಿ ಒಂದಲ್ಲ, ಹಲವು ಸಂಗತಿಗಳು ನಡೆಯುತ್ತವೆ. ಕಿವಿ ನಿಮಿರುತ್ತದೆ, ಬಾಯಲ್ಲಿ ನೀರೂರುತ್ತದೆ, ಕಾಲುಗಳು ಬಾಗಿಲಿನತ್ತ ಓಡುತ್ತವೆ. ನೀರೂರುವುದು ಹಾಲನ್ನು ತರುವುದಿಲ್ಲ. ಗಂಟೆಯ ನಂತರ ಹಾಲು ಬರುತ್ತದೆ ಎಂಬ ಸಂಬಂಧದಿಂದ ಅದು ಹುಟ್ಟಿದೆ. ಇಷ್ಟು ಮಟ್ಟಿಗೆ ಕೀ ಉತ್ತರ ಸರಿ. ಆದರೆ ಪ್ರಶ್ನೆ ಕೇಳಿದ್ದು ಓಟದ ಬಗ್ಗೆ. ಓಡಿಬಂದ ಬೆಕ್ಕಿನ ಮುಂದೆ ಮನೆಯಾಕೆ ಬಟ್ಟಲಿಗೆ ಹಾಲು ಸುರಿಯುತ್ತಾಳೆ, ಬಾರದ ದಿನ ಸುರಿಯುವುದಿಲ್ಲ ಎಂದಾದರೆ, ಓಟಕ್ಕೆ ಹಾಲಿನ ಪುನರ್ಬಲನ ಸಿಕ್ಕಿದೆ. ಆಗ ಓಟ ಕ್ರಿಯಾಜನ್ಯ. ಗಂಟೆಯ ಪಾತ್ರವೂ ಬದಲಾಗುತ್ತದೆ. ಈಗ ಓಡಿದರೆ ಫಲವಿದೆ ಎಂದು ತಿಳಿಸುವ ಸೂಚಕ ಅದು. ಕ್ರಿಯಾಜನ್ಯ ಅನುಬಂಧನದಲ್ಲೂ ಇಂಥ ಸೂಚಕ ಪ್ರಚೋದನೆಗಳಿರುತ್ತವೆ ಎಂಬುದನ್ನು ಗೈಡುಗಳು ಮರೆಯುತ್ತವೆ.

ಇಷ್ಟಕ್ಕೇ ‘ಸರಿ, ಓಟವೆಂದರೆ ಕ್ರಿಯಾಜನ್ಯ’ ಎಂದು ಹೊಸ ಸೂತ್ರ ಮಾಡಿಕೊಳ್ಳಬೇಡಿ. ಮನೆಯಾಕೆ ಬೆಕ್ಕು ಎಲ್ಲಿದ್ದರೂ ದಿನವೂ ಬಟ್ಟಲು ತುಂಬುತ್ತಿದ್ದರೆ? ಆಗ ಓಟಕ್ಕೆ ಪ್ರತಿಫಲದ ಷರತ್ತೇ ಇಲ್ಲ. ಆದರೂ ಬೆಕ್ಕು ಓಡಿಬರಬಹುದು. ಏಕೆಂದರೆ ಆಹಾರದ ಮುನ್ಸೂಚನೆಯತ್ತ ಪ್ರಾಣಿ ಸಾಗುವುದೂ ಶಾಸ್ತ್ರೀಯ ಅನುಬಂಧನದ ಫಲವಾಗಿರಬಲ್ಲದು. ಇದು ಬರೀ ಊಹೆಯಲ್ಲ, ಪಾರಿವಾಳಗಳು ತೋರಿಸಿಕೊಟ್ಟ ಸಂಗತಿ.

ಪಾರಿವಾಳ ಮುರಿದ ಸೂತ್ರ

‘ಅನೈಚ್ಛಿಕವಾದರೆ ಶಾಸ್ತ್ರೀಯ, ಐಚ್ಛಿಕವಾದರೆ ಕ್ರಿಯಾಜನ್ಯ’ ಎಂಬ ಸೂತ್ರವನ್ನು ನಾವೆಲ್ಲ ತರಗತಿಯಲ್ಲಿ ಹೇಳಿಕೊಟ್ಟಿದ್ದೇವೆ. ಜೊಲ್ಲು, ಎದೆಬಡಿತ, ರೆಪ್ಪೆ ಮಿಟುಕುವಿಕೆಗಳ ಮಟ್ಟಿಗೆ ಈ ಸೂತ್ರದಿಂದ ಕೆಲಸ ನಡೆಯುತ್ತದೆ. ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡಿ.

1968ರಲ್ಲಿ ಬ್ರೌನ್ ಮತ್ತು ಜೆಂಕಿನ್ಸ್ ಎಂಬ ಸಂಶೋಧಕರು ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿ ಬಿಟ್ಟರು. ಗೋಡೆಯಲ್ಲಿದ್ದ ಒಂದು ಗುಂಡಿ ಕೆಲವು ಸೆಕೆಂಡು ಬೆಳಗುತ್ತಿತ್ತು, ಅದು ಆರಿದೊಡನೆ ಕಾಳಿನ ತಟ್ಟೆ ಎದುರಿಗೆ ಬರುತ್ತಿತ್ತು. ಕಾಳು ಪಡೆಯಲು ಹಕ್ಕಿ ಏನನ್ನೂ ಮಾಡಬೇಕಾಗಿರಲಿಲ್ಲ. ಆದರೂ ಕೆಲವೇ ಹೊತ್ತಿನಲ್ಲಿ ಪಾರಿವಾಳಗಳು ಬೆಳಗುವ ಗುಂಡಿಯನ್ನು ಕುಕ್ಕತೊಡಗಿದವು.

‘ಕುಕ್ಕಿದ ಮೇಲೆ ಕಾಳು ಬಂತಲ್ಲ, ಆಕಸ್ಮಿಕವಾಗಿ ಪುನರ್ಬಲನ ಸಿಕ್ಕಿರಬೇಕು’ ಎಂದು ನೀವು ವಾದಿಸಬಹುದು. ಒಳ್ಳೆಯ ವಾದವೇ. ಅದನ್ನು ಪರೀಕ್ಷಿಸಲೆಂದು 1969ರಲ್ಲಿ ಡೇವಿಡ್ ಮತ್ತು ಹ್ಯಾರಿಯೆಟ್ ವಿಲಿಯಮ್ಸ್ ಏರ್ಪಾಟನ್ನು ತಿರುಗಿಸಿ ಇಟ್ಟರು. ಹಕ್ಕಿ ಗುಂಡಿಯನ್ನು ಕುಕ್ಕದಿದ್ದರೆ ಕಾಳು ಬರುತ್ತದೆ. ಕುಕ್ಕಿದರೆ ದೀಪ ಆರಿ ಆ ಸಲದ ಕಾಳು ರದ್ದಾಗುತ್ತದೆ. ಕುಕ್ಕುವುದು ಫಲಕ್ಕಾಗಿ ಕಲಿತ ವರ್ತನೆಯಾಗಿದ್ದರೆ ಈಗ ನಿಂತುಹೋಗಬೇಕಿತ್ತು. ಆದರೆ ಹೆಚ್ಚಿನ ಪಾರಿವಾಳಗಳು ಕುಕ್ಕುತ್ತಲೇ ಹೋದವು, ಕಾಳನ್ನು ಕಳೆದುಕೊಳ್ಳುತ್ತಲೇ ಹೋದವು. ನೋಡಲು ಐಚ್ಛಿಕವಾಗಿದ್ದ ವರ್ತನೆಯನ್ನು ಪಾವ್ಲೋವ್‌ನ ಸಂಬಂಧವೇ ಹಿಡಿದಿಟ್ಟಿತ್ತು. ನಾಯಿಯ ಜೊಲ್ಲಿನ ಮೇಲೆ ಇಂಥದ್ದೇ ಪರೀಕ್ಷೆಯನ್ನು ಶೆಫೀಲ್ಡ್ ಎಂಬಾತ ನಡೆಸಿ 1965ರಲ್ಲಿ ಪ್ರಕಟಿಸಿದ್ದ. ಜೊಲ್ಲು ಸುರಿಸಿದರೆ ಆಹಾರವಿಲ್ಲ ಎಂಬ ಷರತ್ತಿದ್ದರೂ ಜೊಲ್ಲು ನಿಲ್ಲಲಿಲ್ಲ.

ಈ ‘ರದ್ದು ಮಾಡುವ’ ಪರೀಕ್ಷೆಯೇ ಎರಡು ಕಲಿಕೆಗಳನ್ನು ಬಿಡಿಸಿ ತೋರಿಸುವ ಒರೆಗಲ್ಲು. ಬೆಕ್ಕಿಗೂ ಇದನ್ನು ಅನ್ವಯಿಸಬಹುದು. ಬಾಗಿಲಿಗೆ ಓಡಿಬಂದ ದಿನ ಹಾಲಿಲ್ಲ, ಇದ್ದಲ್ಲೇ ಇದ್ದ ದಿನ ಹಾಲುಂಟು ಎಂದು ಕೆಲವು ವಾರ ನಡೆಸಿ ನೋಡಿ. ಓಟ ನಿಂತರೆ ಅದು ಫಲವನ್ನು ಅವಲಂಬಿಸಿತ್ತು ಎನ್ನಬಹುದು. ನಷ್ಟವಾದರೂ ಓಟ ಮುಂದುವರಿದರೆ ಗಂಟೆ ಮತ್ತು ಹಾಲಿನ ನಂಟೇ ಅದನ್ನು ನಡೆಸುತ್ತಿದೆ. ಬರೀ ‘ಓಡಿಬರುತ್ತದೆ’ ಎಂಬ ಒಂದು ವಾಕ್ಯದಿಂದ ಇದು ತಿಳಿಯದು. ಮನೋವಿಜ್ಞಾನಿಗಳಿಗೆ ಪ್ರಯೋಗ ಮಾಡದೆ ಹೇಳಲಾಗದ್ದನ್ನು ಪರೀಕ್ಷಾರ್ಥಿ ಒಂದು ನಿಮಿಷದಲ್ಲಿ, ಒಂದು ಅಕ್ಷರದಲ್ಲಿ ಹೇಳಬೇಕೆಂದು ನಾವು ಬಯಸುತ್ತಿದ್ದೇವೆ.

ಪಠ್ಯದ ಆಲ್ಬರ್ಟ್, ಪ್ರಯೋಗದ ಆಲ್ಬರ್ಟ್

ದಿನನಿತ್ಯದ ಉದಾಹರಣೆ ಗೋಜಲಾಗಿದ್ದರೆ ಆಶ್ಚರ್ಯವಿಲ್ಲ, ಪ್ರಯೋಗಶಾಲೆಯ ಉದಾಹರಣೆಯಾದರೂ ಶುದ್ಧವಾಗಿರುತ್ತದಲ್ಲ ಎಂದು ನೀವು ಕೇಳಬಹುದು. ಭಯದ ಶಾಸ್ತ್ರೀಯ ಅನುಬಂಧನಕ್ಕೆ ಎಲ್ಲ ಪಠ್ಯಗಳೂ ಕೊಡುವ ಉದಾಹರಣೆ ‘ಪುಟ್ಟ ಆಲ್ಬರ್ಟ್’. ವಾಟ್ಸನ್ ಮತ್ತು ರೇನರ್ 1920ರಲ್ಲಿ ಪ್ರಕಟಿಸಿದ ಈ ಪ್ರಯೋಗವನ್ನು ನಾವು ಹೇಳುವ ರೀತಿ ಹೀಗೆ: ಮಗುವಿಗೆ ಬಿಳಿ ಇಲಿ ತೋರಿಸಿದರು, ಜೋರಾಗಿ ಸದ್ದು ಮಾಡಿದರು, ಮಗು ಇಲಿಗೆ ಹೆದರತೊಡಗಿತು.

ಮೂಲ ವರದಿಯಲ್ಲಿ ವಿವರ ಸ್ವಲ್ಪ ಬೇರೆಯೇ ಇದೆ. ಆಗ ಆಲ್ಬರ್ಟ್‌ಗೆ ಹನ್ನೊಂದು ತಿಂಗಳು. ಬುಟ್ಟಿಯಿಂದ ಇಲಿಯನ್ನು ತೆಗೆದು ಮುಂದಿಟ್ಟಾಗ ಮಗು ಅದನ್ನು ಮುಟ್ಟಲು ಕೈಚಾಚಿತು. ಕೈ ಇಲಿಗೆ ತಾಗಿದ ಆ ಕ್ಷಣದಲ್ಲೇ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯ ಏಟು ಬಿತ್ತು. ಮಗು ಬೆಚ್ಚಿ ಮುಂದಕ್ಕೆ ಮುಗ್ಗರಿಸಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಒಂದು ವಾರದ ನಂತರ ಸದ್ದಿಲ್ಲದೆ ಇಲಿಯನ್ನು ತೋರಿಸಿದಾಗ ಮಗು ಅಳಲಿಲ್ಲ. ಇಲಿಯನ್ನು ದಿಟ್ಟಿಸಿ ನೋಡಿತು, ಆದರೆ ಮೊದಲಿನಂತೆ ಕೈಚಾಚಲು ಮುಂದಾಗಲಿಲ್ಲ. ಆಮೇಲೆ ಇಲಿ ಮತ್ತು ಸದ್ದನ್ನು ಇನ್ನೂ ಐದು ಬಾರಿ ಜೊತೆಗೂಡಿಸಿದರು. ಕೊನೆಗೆ ಇಲಿಯೊಂದನ್ನೇ ತೋರಿಸಿದಾಗ ಮಗು ಅಳತೊಡಗಿತು, ಪಕ್ಕಕ್ಕೆ ಹೊರಳಿ ಬಿದ್ದು ಅಂಬೆಗಾಲಿನಲ್ಲಿ ವೇಗವಾಗಿ ದೂರ ಸರಿಯಿತು.

ಈಗ ನಮ್ಮ ಒಂದೇ ಪ್ರಶ್ನೆಯನ್ನು ಇಲ್ಲಿ ಕೇಳಿ. ಮಗು ಕೈಚಾಚದೇ ಇದ್ದಿದ್ದರೆ ಸದ್ದು ಆಗುತ್ತಿತ್ತೇ? ವರದಿಯ ಮೊದಲ ಎರಡು ಸಲ ಸದ್ದು ಬಂದದ್ದು ಕೈ ತಾಗಿದಾಗ. ಆದ್ದರಿಂದ ಕೈಚಾಚುವ ವರ್ತನೆ ಕಡಿಮೆಯಾದುದನ್ನು ಶಿಕ್ಷೆಯ ಫಲವೆಂದೂ ಓದಬಹುದು. ಅಂದರೆ ಅದು ಕ್ರಿಯಾಜನ್ಯ. ಆದರೆ ಅಳು ಹಾಗಲ್ಲ. ಅಳುವಿನಿಂದ ಸದ್ದು ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಇಲಿಯೇ ಸದ್ದಿನ ಮುನ್ಸೂಚನೆಯಾಗಿ ಅಳು ಬಂದಿದೆ. ಅದು ಶಾಸ್ತ್ರೀಯ. ಇನ್ನು ದೂರ ಸರಿದದ್ದು? ಭಯದ ಭಾಗವಾಗಿಯೂ ಇರಬಹುದು, ಇಲಿಯಿಂದ ದೂರವಾದಾಗ ಭಯ ತಗ್ಗುವುದರಿಂದ ಮುಂದೆ ಬಲಗೊಳ್ಳುವ ವರ್ತನೆಯೂ ಆಗಬಹುದು.

ಒಂದು ಮಗುವಿನ ಮೇಲೆ ನಡೆದ, ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಈ ಪ್ರಯೋಗವನ್ನು ಒಂದೇ ಖಾನೆಯ ಶುದ್ಧ ಉದಾಹರಣೆಯೆಂದು ಬಾಯಿಪಾಠ ಮಾಡಿಸುವುದಕ್ಕಿಂತ, ‘ಆಲ್ಬರ್ಟ್‌ನ ಮೂರು ವರ್ತನೆಗಳನ್ನು ಬೇರೆ ಬೇರೆಯಾಗಿ ವಿಶ್ಲೇಷಿಸಿ’ ಎಂದು ಕೇಳುವುದು ಹೆಚ್ಚು ನ್ಯಾಯವಲ್ಲವೇ?

ಶಾಲೆಯ ಗೇಟಿನ ಮುಂದೆ

‘ಎರಡೂ ಬೆರೆತಿದ್ದರೆ ಏನಾಯಿತು? ಪರೀಕ್ಷೆಗೆ ಒಂದು ಉತ್ತರವಿದ್ದರೆ ಸಾಲದೇ?’ ಎನ್ನುವವರಿದ್ದಾರೆ. ಪರೀಕ್ಷೆ ಬರೆಯುವವರಲ್ಲಿ ಅನೇಕರು ನಾಳೆ ಶಿಕ್ಷಕರಾಗುವವರು. ಅವರ ಮುಂದೆ ಬರುವ ಒಂದು ಸಂದರ್ಭವನ್ನೇ ತೆಗೆದುಕೊಳ್ಳೋಣ.

ಒಂದನೇ ತರಗತಿಯ ಹುಡುಗನೊಬ್ಬ ಶಾಲೆಯ ಗೇಟು ಕಂಡೊಡನೆ ಜೋರಾಗಿ ಅಳುತ್ತಾನೆ. ಗೈಡಿನ ಪ್ರಕಾರ ಇದು ಶಾಸ್ತ್ರೀಯ: ಗೇಟಿಗೂ ಹಿಂದೆ ತಿಂದ ಏಟಿಗೂ ನಂಟು ಬೆಳೆದಿದೆ. ಇರಬಹುದು. ಆದರೆ ಅತ್ತಾಗ ಅಜ್ಜಿ ಅವನನ್ನು ಎತ್ತಿಕೊಂಡು ಮನೆಗೆ ಹಿಂದಿರುಗುತ್ತಾಳೆ. ಅಲ್ಲಿಗೆ ಅಳುವಿಗೆ ಒಂದು ಫಲ ಸಿಕ್ಕಿತು. ಅಹಿತವಾದದ್ದು ದೂರವಾಗಿ ವರ್ತನೆ ಬಲಗೊಂಡರೆ ಅದು ಋಣಾತ್ಮಕ ಪುನರ್ಬಲನ. ‘ಋಣಾತ್ಮಕ’ ಎಂಬ ಮಾತನ್ನು ನೋಡಿ ಅದನ್ನು ಶಿಕ್ಷೆ ಎಂದು ಬರೆಯುವವರು ಬಹಳ. ಶಿಕ್ಷೆಯಲ್ಲಿ ವರ್ತನೆ ಕಡಿಮೆಯಾಗುತ್ತದೆ, ಇಲ್ಲಿ ಹೆಚ್ಚುತ್ತದೆ. ಭಯ ಹುಟ್ಟಿದ್ದು ಪಾವ್ಲೋವ್‌ನ ದಾರಿಯಲ್ಲಿ, ತಪ್ಪಿಸಿಕೊಳ್ಳುವ ವರ್ತನೆ ಉಳಿದದ್ದು ಸ್ಕಿನ್ನರ್‌ನ ದಾರಿಯಲ್ಲಿ. ಭಯ ಮತ್ತು ತಪ್ಪಿಸಿಕೊಳ್ಳುವಿಕೆ ಹೀಗೆ ಎರಡು ಹಂತಗಳಲ್ಲಿ ಬೆಳೆಯುತ್ತವೆ ಎಂದು ಓ. ಹೋಬಾರ್ಟ್ ಮೌರರ್ 1947ರಲ್ಲೇ ವಾದಿಸಿದ್ದ. ಮುಂದೆ ಆ ವಾದಕ್ಕೆ ತಿದ್ದುಪಡಿಗಳು ಬಂದವು. ಆದರೂ ಒಂದು ಘಟನೆಯಲ್ಲಿ ಎರಡೂ ಕಲಿಕೆಗಳು ಇರಬಲ್ಲವು ಎಂಬ ತಿಳಿವು ಉಳಿದಿದೆ.

ಯಾವುದು ಎಷ್ಟಿದೆ ಎಂಬುದರ ಮೇಲೆ ಪರಿಹಾರ ನಿಂತಿದೆ. ಭಯವೇ ಮುಖ್ಯವಾಗಿದ್ದರೆ, ಅಳುವನ್ನು ಲೆಕ್ಕಿಸದೆ ಕೂರಿಸಿದ ಮಾತ್ರಕ್ಕೆ ಭಯ ಹೋಗದು. ಏಟು ನಿಲ್ಲಬೇಕು. ಶಾಲೆಯಲ್ಲಿ ಕೆಟ್ಟದ್ದೇನೂ ಆಗದ ದಿನಗಳು ಒಂದರ ಮೇಲೊಂದು ಬಂದು, ಗೇಟಿಗೂ ಏಟಿಗೂ ಇರುವ ನಂಟು ಸಡಿಲವಾಗಬೇಕು. ಮನೆಗೆ ಮರಳುವ ಫಲವೇ ಮುಖ್ಯವಾಗಿದ್ದರೆ ಆ ಫಲವನ್ನು ನಿಲ್ಲಿಸಬೇಕು. ಆಗ ಮೊದಲ ಕೆಲವು ದಿನ ಅಳು ಇನ್ನೂ ಜೋರಾಗಬಹುದು. ನಾಲ್ಕನೆಯ ದಿನ ಅಜ್ಜಿಯ ಮನಸ್ಸು ಕರಗಿ ಮತ್ತೆ ಎತ್ತಿಕೊಂಡು ಹೋದರೆ ಅಳು ಹಿಂದಿಗಿಂತ ಗಟ್ಟಿಯಾಗುತ್ತದೆ. ಏಕೆಂದರೆ ಆಗೊಮ್ಮೆ ಈಗೊಮ್ಮೆ ಸಿಗುವ ಪುನರ್ಬಲನದಿಂದ ಬೆಳೆದ ವರ್ತನೆ ಬೇಗ ನಶಿಸುವುದಿಲ್ಲ.

ಇದನ್ನು ಗುರುತಿಸುವುದು ಹೇಗೆ? ಭಾನುವಾರ ಆಟಕ್ಕೆಂದು ಅದೇ ಗೇಟಿನ ಬಳಿ ಕರೆತಂದಾಗಲೂ ಹುಡುಗ ಬೆವರಿ ಮುದುಡುತ್ತಾನೆಯೇ? ಅಜ್ಜಿ ಬಂದ ದಿನ ಮಾತ್ರ ಅಳುತ್ತಾನೆಯೇ, ಅಪ್ಪ ಬಿಟ್ಟುಹೋದ ದಿನ ಸುಮ್ಮನೆ ಒಳಗೆ ಹೋಗುತ್ತಾನೆಯೇ? ಮೊದಲನೆಯದು ಭಯದ ಕಡೆಗೆ, ಎರಡನೆಯದು ಫಲದ ಕಡೆಗೆ ಬೆರಳು ತೋರಿಸುತ್ತದೆ. ‘ಗೇಟು ಕಂಡು ಅಳು = ಶಾಸ್ತ್ರೀಯ’ ಎಂದು ಗುರುತು ಹಾಕಿ ಮುಂದೆ ಹೋದ ಶಿಕ್ಷಕನಿಗೆ ಈ ಎರಡು ಪ್ರಶ್ನೆಗಳು ಹೊಳೆಯುವುದೇ ಇಲ್ಲ.

ಪ್ರಶ್ನೆಯನ್ನು ರಿಪೇರಿ ಮಾಡುವುದು

ಉದಾಹರಣೆ ಆಧರಿತ ಪ್ರಶ್ನೆಗಳೇ ಬೇಡವೆಂಬುದು ನನ್ನ ವಾದವಲ್ಲ. ವ್ಯಾಖ್ಯೆಯನ್ನು ಬರೆಯಿರಿ ಎನ್ನುವುದಕ್ಕಿಂತ ಅವು ಎಷ್ಟೋ ಮೇಲು. ಆದರೆ ಅವುಗಳಲ್ಲಿ ಎರಡು ಮಾಹಿತಿಗಳು ಇರಲೇಬೇಕು. ಯಾವ ವರ್ತನೆಯ ಬಗ್ಗೆ ಕೇಳುತ್ತಿದ್ದೇವೆ ಎಂಬುದು ಒಂದು. ಆ ವರ್ತನೆ ಇಲ್ಲದಿದ್ದರೂ ಮುಂದಿನ ಘಟನೆ ನಡೆಯುತ್ತದೆಯೇ ಎಂಬುದು ಇನ್ನೊಂದು. ಮೊದಲ ಪ್ರಶ್ನೆಯನ್ನೇ ಹೀಗೆ ಬರೆದು ನೋಡಿ:

‘ಹಾಲಿನವನ ಗಂಟೆಯ ನಂತರ ಮನೆಯಾಕೆ ಪ್ರತಿದಿನ ಬೆಕ್ಕಿಗೆ ಹಾಲು ಹಾಕುತ್ತಾಳೆ. ಬೆಕ್ಕು ಬಾಗಿಲಿಗೆ ಬಂದ ದಿನ ಮಾತ್ರ ಹಾಕುತ್ತಾಳೆ, ಬಾರದ ದಿನ ಹಾಕುವುದಿಲ್ಲ. ಈಗ ಗಂಟೆ ಕೇಳಿದರೆ (1) ಬೆಕ್ಕಿನ ಬಾಯಲ್ಲಿ ನೀರೂರುತ್ತದೆ, (2) ಬೆಕ್ಕು ಬಾಗಿಲಿಗೆ ಓಡುತ್ತದೆ. ಪ್ರತಿಯೊಂದೂ ಯಾವ ಕಲಿಕೆಯಿಂದ ಬಂದಿರಬಹುದು? ಕಾರಣ ಕೊಡಿ. ಎರಡನೆಯ ಉತ್ತರವನ್ನು ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆಯನ್ನು ಸೂಚಿಸಿ.’

ಹೀಗೆ ಬರೆಯುವಾಗ ಮೊದಲ ಕರಡಿನಲ್ಲಿ ಒಂದು ತಪ್ಪು ನುಸುಳಿದೆ, ಗಮನಿಸಿದಿರಾ? ‘ಪ್ರತಿದಿನ ಹಾಕುತ್ತಾಳೆ’ ಎಂದು ಬರೆದ ಕೂಡಲೇ ‘ಬಂದ ದಿನ ಮಾತ್ರ’ ಎಂದೂ ಬರೆದಿದ್ದೇನೆ. ‘ಪ್ರತಿದಿನ’ ಎಂಬ ಪದವನ್ನು ಹೊಡೆದುಹಾಕಬೇಕು. ಅದು ಉಳಿದರೆ ಷರತ್ತು ಇದೆಯೋ ಇಲ್ಲವೋ ತಿಳಿಯದೆ ಪರೀಕ್ಷಾರ್ಥಿ ಒದ್ದಾಡುತ್ತಾನೆ. ಒಂದು ಪದದಿಂದ ಉತ್ತರ ಬದಲಾಗುವ ಪ್ರಶ್ನೆ ಇದು. ಆದ್ದರಿಂದ ಪತ್ರಿಕೆ ತಯಾರಿಸಿದವರು ತಾವೇ ಓದಿ ನೋಡಿದರೆ ಸಾಲದು. ಕೀ ಉತ್ತರ ನೋಡದ ಮತ್ತೊಬ್ಬ ಶಿಕ್ಷಕರಿಗೆ ಕೊಟ್ಟು, ಕಾರಣದೊಂದಿಗೆ ಉತ್ತರಿಸಲು ಹೇಳಬೇಕು. ಅವರ ಕಾರಣ ಕೀಗಿಂತ ಬೇರೆಯಾಗಿದ್ದು ತರ್ಕಬದ್ಧವಾಗಿದ್ದರೆ ದೋಷವಿರುವುದು ಪ್ರಶ್ನೆಯಲ್ಲಿ.

ಇನ್ನೊಂದು ಎಚ್ಚರಿಕೆ. ಗಂಟೆ ಬಂದಾಗಲೆಲ್ಲ ಶಾಸ್ತ್ರೀಯ, ಚಾಕೊಲೇಟ್ ಬಂದಾಗಲೆಲ್ಲ ಕ್ರಿಯಾಜನ್ಯ ಎಂಬಂತೆ ವರ್ಷ ವರ್ಷವೂ ಪ್ರಶ್ನೆ ತೆಗೆದರೆ ವಿದ್ಯಾರ್ಥಿಗಳು ಕಲಿಯುವುದು ಮನೋವಿಜ್ಞಾನವನ್ನಲ್ಲ. ‘ಗಂಟೆ’ ಎಂಬ ಪದ ಕಂಡಾಗ (ಅ) ಎಂದು ಬರೆದರೆ ಅಂಕ ಸಿಗುತ್ತದೆ ಎಂಬುದನ್ನು ಕಲಿಯುತ್ತಾರೆ. ಸೂಚಕವಿದೆ, ವರ್ತನೆಯಿದೆ, ಪುನರ್ಬಲನವೂ ಇದೆ. ಇದು ಯಾವ ಅನುಬಂಧನವೆಂದು ನೀವೇ ಹೇಳಿ. ಈ ಕಟ್ಟನ್ನು ಮುರಿಯಲು ಒಂದೇ ಗಂಟೆಯನ್ನು ಎರಡು ಬಗೆಯಲ್ಲಿ ಬಳಸಬಹುದು. ಶಾಲೆಯ ಊಟದ ಗಂಟೆ ಕೇಳಿ ಬಾಯಲ್ಲಿ ನೀರೂರುವುದು ಒಂದು. ಆ ಗಂಟೆಯ ನಂತರ ಎದ್ದರೆ ಮೇಷ್ಟ್ರು ಬಿಡುತ್ತಾರೆ, ಮೊದಲೇ ಎದ್ದರೆ ಕೂರಿಸುತ್ತಾರೆ ಎಂದು ತಿಳಿದು ಗಂಟೆ ಹೊಡೆದಾಗಲೇ ಏಳುವುದು ಇನ್ನೊಂದು.

ಕೊನೆಯದಾಗಿ ಆ ಉತ್ತರಪತ್ರಿಕೆಯ ಮಾತು. ‘ಪ್ರಶ್ನೆಯಲ್ಲಿ ಇದನ್ನು ಹೇಳಿಲ್ಲ’ ಎಂದು ಬರೆದ ಪರೀಕ್ಷಾರ್ಥಿ ವರ್ತನೆಗಳನ್ನು ಬೇರ್ಪಡಿಸಿದ್ದಳು, ಫಲದ ಷರತ್ತನ್ನು ಗುರುತಿಸಿದ್ದಳು, ಮಾಹಿತಿಯ ಕೊರತೆಯನ್ನೂ ತೋರಿಸಿದ್ದಳು. ನಾನು ಮಾಡಬೇಕಾಗಿದ್ದುದು ಮುಖ್ಯ ಮೌಲ್ಯಮಾಪಕರ ಬಳಿ ಆ ಪತ್ರಿಕೆಯನ್ನು ಒಯ್ದು ಕೀ ಉತ್ತರವನ್ನು ತಿದ್ದಿಸುವುದು. ಅಂದು ಹಾಗೆ ಮಾಡಲಿಲ್ಲ. ಇಂಥ ಉತ್ತರ ನಿಮ್ಮ ಕೈಗೆ ಬಂದಾಗ ಪೂರ್ಣ ಎರಡು ಅಂಕ ಕೊಡಿ, ಕೀ ಉತ್ತರವನ್ನು ತಿದ್ದುವಂತೆ ಬರೆದು ತಿಳಿಸಿ.